ಎರಡನೇ ವಾಟ್ಸಾಪ್‌ನ ಫೋಟೊಗಳು ಎಲ್ಲಿರುತ್ತವೆ?

ಮನೆಯಲ್ಲೇ ರವಿಕೆ ಹೊಲಿದುಕೊಡುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ನೆಂಟರಿಷ್ಟರಿಗೆ ಒಂದು ನಂಬರ್, ಗಿರಾಕಿಗಳಿಗೆ ಇನ್ನೊಂದು. ಎರಡೂ ಸಿಮ್ ಒಂದೇ ಫೋನಿನಲ್ಲಿವೆ. ಕರೆಗೆ ತೊಂದರೆಯಿಲ್ಲ, ಯಾವ ಸಿಮ್‌ಗೆ ಬಂತೆಂದು ಫೋನೇ ತೋರಿಸುತ್ತದೆ. ತೊಡಕಿರುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಖಾತೆ ಸೇರಿಕೊಳ್ಳುವುದು ನಂಬರಿಗೆ, ಸಿಮ್ ಹಾಕಿದ ಜಾಗಕ್ಕಲ್ಲ.

ಇದಕ್ಕೆ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕ್ಲೋನ್ ಸೌಲಭ್ಯವಿದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಡ್ಯುಯಲ್ ಮೆಸೆಂಜರ್, ಶಿಯೋಮಿಯಲ್ಲಿ ಡ್ಯುಯಲ್ ಆ್ಯಪ್ಸ್, ಒನ್‌ಪ್ಲಸ್‌ನಲ್ಲಿ ಹಿಂದೆ ಪ್ಯಾರಲಲ್ ಆ್ಯಪ್ಸ್ ಎಂದಿತ್ತು. ಸ್ಯಾಮ್‌ಸಂಗ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಫೀಚರ್ಸ್ ತೆರೆದು ಡ್ಯುಯಲ್ ಮೆಸೆಂಜರ್‌ಗೆ ಹೋಗಿ, ವಾಟ್ಸಾಪ್ ಎದುರಿನ ಗುಂಡಿ ಒತ್ತಿದರೆ ಚಿಕ್ಕ ಗುರುತು ಹೊತ್ತ ಎರಡನೇ ಐಕಾನ್ ಬರುತ್ತದೆ. ಗಿರಾಕಿಗಳ ನಂಬರನ್ನು ಕೊಡಬೇಕಾದದ್ದು ಅದಕ್ಕೆ. ಎಸ್‌ಎಂಎಸ್‌ನಲ್ಲಿ ಬಂದ ಆರು ಅಂಕಿಯ ಕೋಡನ್ನು ಕ್ಲೋನ್ ತಾನಾಗಿ ಓದಿಕೊಳ್ಳದಿದ್ದರೆ ನಾವೇ ಒತ್ತಬೇಕು. ಆತುರದಲ್ಲಿ ಅಲ್ಲಿಯೂ ಹಳೆಯ ನಂಬರನ್ನೇ ಕೊಟ್ಟು ಕೋಡ್ ಒತ್ತಿದರೆ, ಮೊದಲ ವಾಟ್ಸಾಪ್ ಆ ನಂಬರನ್ನು ಬಿಟ್ಟುಕೊಟ್ಟು ಹೊರಬೀಳುತ್ತದೆ.

ಇಂಟರ್ನೆಟ್‌ಗೆ ಎರಡು ಡೇಟಾ ಪ್ಯಾಕ್ ಬೇಕಿಲ್ಲ. ಡೇಟಾಕ್ಕೆಂದು ಆರಿಸಿದ ಸಿಮ್ ಅಥವಾ ವೈಫೈ ಮೇಲೆಯೇ ಎರಡೂ ಖಾತೆ ನಡೆಯುತ್ತವೆ. ಹಾಗೆಂದು ಎರಡನೇ ಸಿಮ್ಮನ್ನು ರೀಚಾರ್ಜ್ ಮಾಡದೆ ಸಾಯಲು ಬಿಡಬಾರದು. ಕಂಪನಿ ಆ ನಂಬರನ್ನು ಮುಂದೆ ಬೇರೊಬ್ಬರಿಗೆ ಕೊಟ್ಟರೆ, ಕೋಡ್ ಹೋಗುವುದು ಅವರಿಗೆ. ಸಕ್ರಿಯ ಸಿಮ್ ಇಲ್ಲದ ಫೋನಿನಲ್ಲಿ ಇಂಥ ಆ್ಯಪ್‌ಗಳು ನಡೆಯಬಾರದೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚನೆಯನ್ನೂ ಹೊರಡಿಸಿದೆ.

ನಿಜವಾದ ಎಚ್ಚರ ಬೇಕಿರುವುದು ಫೋಟೊ ಮತ್ತು ಮಾತುಕತೆಗಳ ವಿಷಯದಲ್ಲಿ. ಒಂದೇ ಸಾಧನದೊಳಗೆ ಒಬ್ಬರಿಗಿಂತ ಹೆಚ್ಚು ಬಳಕೆದಾರರಿಗೆ ಬೇರೆ ಬೇರೆ ಜಾಗ ಕೊಡುವ ಶಕ್ತಿ ಆಂಡ್ರಾಯ್ಡ್‌ಗಿದೆ. ಕ್ಲೋನ್ ಕೆಲಸ ಮಾಡುವುದು ಇದರ ಆಸರೆಯಿಂದಲೇ. ಒಂದು ಮನೆಯನ್ನು ಎರಡು ಪೋರ್ಷನ್ ಮಾಡಿದ ಹಾಗೆ: ಗೋಡೆ ಒಂದೇ, ಬೀಗ ಬೇರೆ. ಫೋನಿನ ಒಡೆಯರ ಜಾಗದ ಸಂಖ್ಯೆ 0. ಶಿಯೋಮಿ ಫೋನ್‌ಗಳು ಕ್ಲೋನ್‌ಗೆ 999 ಎಂಬ ಸಂಖ್ಯೆ ಕೊಡುತ್ತವೆ. ಹಾಗಾಗಿ ಕಡತಗಳ ವಿಳಾಸ ಹೀಗೆ ಕವಲೊಡೆಯುತ್ತದೆ:

```
/storage/emulated/0
/storage/emulated/999
```

ಗಿರಾಕಿ ಕಳಿಸಿದ ರವಿಕೆಯ ಕತ್ತಿನ ವಿನ್ಯಾಸ, ಅಳತೆ ಬರೆದ ಚೀಟಿಯ ಫೋಟೊ ಎಲ್ಲವೂ ಎರಡನೆಯ ದಾರಿಯಲ್ಲಿ ಕೂರುತ್ತವೆ. ಕೆಲವು ಫೋನ್‌ಗಳಲ್ಲಿ ಅವು ಗ್ಯಾಲರಿಯಲ್ಲಿ ಕಾಣದೆ, ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಬೇಕಾಗುವುದು ಇದಕ್ಕೇ. ಫೋನ್ ತುಂಬಿದೆ ಎಂದು ಗ್ಯಾಲರಿಯನ್ನು ಎಷ್ಟು ಗುಡಿಸಿದರೂ ಜಾಗ ಸಿಗದಿದ್ದಾಗ ನೋಡಬೇಕಾದದ್ದೂ ಅಲ್ಲಿಯೇ.

ಬ್ಯಾಕಪ್ ಕೂಡ ಬೇರೆಯೇ. ಮೊದಲ ವಾಟ್ಸಾಪ್ ಪ್ರತಿ ರಾತ್ರಿ ಗೂಗಲ್ ಖಾತೆಗೆ ಪ್ರತಿ ಕಳಿಸುತ್ತಿದ್ದ ಮಾತ್ರಕ್ಕೆ ಎರಡನೆಯದೂ ಕಳಿಸುತ್ತಿದೆ ಎಂದು ತಿಳಿಯಬಾರದು. ಕೆಲವು ಫೋನ್‌ಗಳಲ್ಲಿ ಕ್ಲೋನ್‌ನ ಜಾಗಕ್ಕೆ ಗೂಗಲ್ ಖಾತೆಯೇ ಸಿಗುವುದಿಲ್ಲ. ತಿಳಿಯುವ ಬಗೆ ಸುಲಭ: ಕ್ಲೋನ್‌ನೊಳಗೆ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಕೊನೆಯ ಬ್ಯಾಕಪ್‌ನ ದಿನಾಂಕ ನೋಡಬೇಕು. ಗೂಗಲ್‌ನ ಸಾಲಿನಲ್ಲಿ ದಿನಾಂಕವಿಲ್ಲದಿದ್ದರೆ ಪ್ರತಿ ಇದ್ದರೂ ಅದು ಫೋನಿನೊಳಗೆ ಮಾತ್ರ ಇದೆ.

ಇದು ತಿಳಿಯದೆ ಆಗುವ ನಷ್ಟ ದೊಡ್ಡದು. ಎರಡು ಐಕಾನ್ ಬೇಡವೆಂದು ಡ್ಯುಯಲ್ ಮೆಸೆಂಜರ್‌ನ ಗುಂಡಿಯನ್ನು ಆರಿಸಿ ಅನ್‌ಇನ್‌ಸ್ಟಾಲ್ ಒತ್ತಿದರೆ ಕ್ಲೋನ್ ಅಳಿಯುತ್ತದೆ, ಜೊತೆಗೆ ಅದರ ಮಾತುಕತೆಗಳೂ. ಅದೇ ನಂಬರಿನಿಂದ ಮತ್ತೆ ನೋಂದಾಯಿಸಿದರೆ ಸೇರಿದ್ದ ಗ್ರೂಪ್‌ಗಳು ಮರಳುತ್ತವೆ, ಏಕೆಂದರೆ ಸದಸ್ಯರ ಪಟ್ಟಿ ವಾಟ್ಸಾಪ್‌ನ ಸರ್ವರ್‌ನಲ್ಲಿರುತ್ತದೆ. ಯಾವ ಗಿರಾಕಿಗೆ ಎಷ್ಟು ಇಂಚಿನ ತೋಳು ಎಂಬುದು ಮರಳುವುದಿಲ್ಲ.

ದಿನನಿತ್ಯ ಕಾಡುವುದು ಇನ್ನೊಂದು. ಗ್ಯಾಲರಿಯಿಂದ ಫೋಟೊ ಕಳಿಸುವಾಗ ಫೋನ್ ಯಾವ ವಾಟ್ಸಾಪ್ ಎಂದು ಕೇಳುತ್ತದೆ. ಕಣ್ಣು ತಪ್ಪಿದರೆ ಸೊಸೆಯ ಸೀಮಂತದ ಚಿತ್ರ ಗಿರಾಕಿಗಳ ಸ್ಟೇಟಸ್‌ಗೆ ಹೋಗುತ್ತದೆ. ಕ್ಲೋನ್‌ನ ಚಾಟ್ ಹಿನ್ನೆಲೆಗೆ ಗಾಢ ಬಣ್ಣ ಹಾಕಿ, ಸಂದೇಶದ ಸದ್ದನ್ನೂ ಬದಲಿಸಿದರೆ ಎರಡನ್ನೂ ಗುರುತಿಸುವುದು ಸುಲಭ. ಸ್ಯಾಮ್‌ಸಂಗ್‌ನಲ್ಲಿ ಕ್ಲೋನ್‌ಗೆ ಪ್ರತ್ಯೇಕ ಸಂಪರ್ಕ ಪಟ್ಟಿ ಕೊಡುವ ಆಯ್ಕೆಯೂ ಇದೆ. ಅಂಗಡಿ ನಡೆಸುವವರು ಅದನ್ನು ಬಳಸುವುದೇ ಒಳ್ಳೆಯದು.

2023ರ ಅಕ್ಟೋಬರ್‌ನಲ್ಲಿ ವಾಟ್ಸಾಪ್ ತಾನೇ ಆಂಡ್ರಾಯ್ಡ್‌ನ ಒಂದೇ ಆ್ಯಪ್‌ನೊಳಗೆ ಎರಡು ಖಾತೆಗೆ ಅವಕಾಶ ಮಾಡಿಕೊಡುವುದಾಗಿ ಪ್ರಕಟಿಸಿತು. ಹೊಸದಾಗಿ ಶುರು ಮಾಡುವವರು ಮೊದಲು ಅದನ್ನೇ ನೋಡಬಹುದು. ಎರಡೂ ಐಕಾನ್ ಬೇರೆ ಬೇರೆ ಇರಲಿ ಎನ್ನುವವರಿಗೆ ಕ್ಲೋನ್ ಸರಿ. ಆದರೆ ಅದು ಫೋನಿನ ಜೊತೆಗೇ ಬಂದ ಸೌಲಭ್ಯವಾಗಿರಬೇಕು. ಯಾರೋ ಲಿಂಕ್ ಕಳಿಸಿದ, ವಾಟ್ಸಾಪನ್ನು ತಿದ್ದಿ ಮಾಡಿದ ಆ್ಯಪ್‌ಗಳನ್ನು ಹಾಕಿಕೊಂಡರೆ ಖಾತೆಗೆ ನಿರ್ಬಂಧ ಬೀಳುವ ಅಪಾಯವಿದೆ.