ಫ್ರಿಜ್ಜಿನ ಮೇಲಿನ ಹಾಳೆಗೂ ಮೊದಲು ಒಂದು ಪತ್ರ

ನಮ್ಮ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ನಾಲ್ಕನೇ ಕ್ಲಾಸು. ಬೆಳಿಗ್ಗೆ ಎಂಟೂಕಾಲಿಗೆ ಅವಳ ಸ್ಕೂಲ್ ವ್ಯಾನು ಬರುತ್ತದೆ, ಎಂಟೂವರೆಗೆ ನಮ್ಮ ಯಜಮಾನರು ಹೊರಡುತ್ತಾರೆ, ಒಂಬತ್ತಕ್ಕೆ ನಾನು. ಸಂಜೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತೇವೆ. ಮನೆಕೆಲಸವನ್ನು ಹಂಚಿಕೊಳ್ಳೋಣ ಎಂದು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೆ. ಹೇಳಿದಾಗಲೆಲ್ಲ ಅದು ದೂರಾಗಿಯೇ ಕೇಳಿಸುತ್ತಿತ್ತು, ಏಕೆಂದರೆ ನಾನು ಹೇಳುತ್ತಿದ್ದದ್ದು ರಾತ್ರಿ ಹತ್ತಕ್ಕೆ, ಸಿಂಕಿನ ಮುಂದೆ ನಿಂತು, ಕೈಯಲ್ಲಿ ಪಾತ್ರೆ ಹಿಡಿದು. ಕಳೆದ ಮಳೆಗಾಲದಲ್ಲಿ ಒಂದು ಶನಿವಾರ ಕೂತು ಪತ್ರ ಬರೆದೆ.

ಬರೆಯುವ ಮೊದಲು ಮಾಡಿದ ಒಂದು ಕೆಲಸವೇ ಆ ಪತ್ರವನ್ನು ಕಾಪಾಡಿತು ಎಂದು ಈಗ ಅನ್ನಿಸುತ್ತದೆ. "ಈ ವಾರ ಮನೇಲಿ ಯಾರು ಏನೇನು ಮಾಡ್ತೀವೋ ಎಲ್ಲ ಬರೆದಿಡೋಣ" ಎಂದು ಅವರಿಗೆ ಹೇಳಿ, ಹಳೇ ಕ್ಯಾಲೆಂಡರಿನ ಹಾಳೆಯ ಹಿಂಭಾಗವನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿ ಪೆನ್ನು ನೇತುಹಾಕಿದೆ. ಇಬ್ಬರೂ ಬರೆದೆವು. ಕದ್ದು ಲೆಕ್ಕ ಇಟ್ಟಿದ್ದರೆ ಅದು ಆರೋಪಪಟ್ಟಿ ಆಗುತ್ತಿತ್ತು.

ಬರೆದಿಡುವುದು ಏಕೆ ಬೇಕು ಎಂಬುದಕ್ಕೆ 1979ರ ಒಂದು ಅಧ್ಯಯನ ನೆನಪಾಗುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞರಾದ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ದಂಪತಿಗಳನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಯ ಒಂದೊಂದು ಕೆಲಸದಲ್ಲೂ ನಿಮ್ಮ ಪಾಲು ಎಷ್ಟು ಎಂದು ಕೇಳಿದರು. ಗಂಡ ಹೇಳಿದ ಪಾಲು, ಹೆಂಡತಿ ಹೇಳಿದ ಪಾಲು ಎರಡನ್ನೂ ಕೂಡಿಸಿದರೆ ಬಹಳಷ್ಟು ಕಡೆ ನೂರನ್ನು ದಾಟುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ಪ್ರತಿಯೊಬ್ಬರಿಗೂ ಚೆನ್ನಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟಾಗಿ ಕಣ್ಣಿಗೆ ಬಿದ್ದಿರುವುದಿಲ್ಲ. ನಮ್ಮ ಬಾಗಿಲಿನ ಹಾಳೆಯಲ್ಲೂ ಹಾಗೇ ಆಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಮೋಟಾರ್ ಹಾಕಿ, ಓವರ್‌ಹೆಡ್ ಟ್ಯಾಂಕ್ ತುಂಬುವವರೆಗೆ ಅವರು ಎಚ್ಚರವಾಗಿರುತ್ತಿದ್ದರೆಂದು ಅಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ವಾರದ ಕೊನೆಗೆ ಕೂಡಿಸಿದಾಗ ನನ್ನದು 23 ಗಂಟೆ, ಅವರದು 9. ನಮ್ಮ ದೇಶದ ಲೆಕ್ಕ ಇನ್ನೂ ದೂರ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಕೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವುದು 289 ನಿಮಿಷ, ಗಂಡಸರು 88 ನಿಮಿಷ. ಈ ಅಂಕಿ ನೋಡಿದ ಮೇಲೆ ನನ್ನ ಮಾತಿನ ಧಾಟಿಯೇ ಬದಲಾಯಿತು. ನನ್ನ ಮನೆಯ 23 ಮತ್ತು 9 ಇವರೊಬ್ಬರು ಹುಟ್ಟಿಸಿದ್ದಲ್ಲ. ಇವರನ್ನು ಬೆಳೆಸಿದ ಮನೆಯಿಂದಲೂ ನನ್ನನ್ನು ಬೆಳೆಸಿದ ಮನೆಯಿಂದಲೂ ಬಂದದ್ದು. ಹಾಗಿರುವಾಗ ದೂರುವುದು ಯಾರನ್ನು?

ಪತ್ರ ಹೀಗಿತ್ತು:

"ರೀ,

ಎದುರಿಗೆ ಕೂತು ಹೇಳೋಣ ಅಂದ್ರೆ ಮಧ್ಯದಲ್ಲಿ ಕುಕ್ಕರ್ ಕೂಗುತ್ತೆ, ಇಲ್ಲ ಪುಟ್ಟಿ ಕರೀತಾಳೆ. ಅದಕ್ಕೇ ಬರೀತಿದ್ದೀನಿ.

ನನಗೆ ಜ್ವರ ಬಂದಾಗ ಮೂರು ದಿನ ಅಡುಗೆಮನೆ ಪೂರ್ತಿ ನೀವೇ ನೋಡಿಕೊಂಡ್ರಿ. ಗಂಜಿಗೆ ನೆನಪಿಟ್ಟು ಜೀರಿಗೆ ಹಾಕಿದ್ರಿ. ನೀರಿನ ಮೋಟಾರು, ಗಾಡಿ ಸರ್ವಿಸು, ಪುಟ್ಟಿಯ ಗಣಿತ, ಇವುಗಳ ಬಗ್ಗೆ ನಾನು ಒಂದು ದಿನವೂ ತಲೆ ಕೆಡಿಸಿಕೊಂಡಿಲ್ಲ. ಆ ನೆಮ್ಮದಿ ಎಷ್ಟು ದೊಡ್ಡದು ಅಂತ ಹೋದ ವಾರ ಬರೆದಿಟ್ಟಾಗಲೇ ಗೊತ್ತಾಗಿದ್ದು.

ರಾತ್ರಿ ನಾನು ಸಿಂಕ್ ಹತ್ತಿರ ಇರುವಾಗ ಒಳಗಿನಿಂದ ನೀವು ಪುಟ್ಟಿಗೆ ಕಥೆ ಹೇಳೋದು ಅರ್ಧ ಕೇಳಿಸುತ್ತೆ. ನನಗೂ ಪೂರ್ತಿ ಕೇಳೋ ಆಸೆ. ವಾರದಲ್ಲಿ ಕೆಲವು ರಾತ್ರಿಯಾದರೂ ಹತ್ತು ಗಂಟೆಗೆ ನಾವಿಬ್ಬರೂ ಸುಮ್ಮನೆ ಕೂತಿರಬೇಕು ಅಂತ ಇನ್ನೊಂದು ಆಸೆ.

ಒಂದು ಹಾಳೆ ಮಾಡೋಣ್ವಾ? ಯಾವ ಕೆಲಸ ಯಾರದು ಅಂತ ಬರೆದು ಫ್ರಿಜ್ಜಿಗೆ ಅಂಟಿಸೋಣ. ನನಗೆ ತೋಚಿದ್ದು ಮೂರೇ: ಸೋಮವಾರ, ಬುಧವಾರ, ಶುಕ್ರವಾರ ಪುಟ್ಟಿಯ ತಿಂಡಿ ಮತ್ತು ಡಬ್ಬಿ, ರಾತ್ರಿ ಪಾತ್ರೆ ಮತ್ತು ಅಡುಗೆಮನೆ ಮುಗಿಸೋದು, ದಿನಸಿ ಮತ್ತು ಗ್ಯಾಸು. ಇವು ನಿಮಗೆ ಆಗುತ್ತಾ ನೋಡಿ. ಆಗದಿದ್ದರೆ ಬೇರೆ ಆರಿಸಿ. ನಿಮ್ಮದರಲ್ಲಿ ಯಾವುದು ನನಗೆ ಕೊಡಬೇಕು ಅನ್ಸುತ್ತೋ ಅದನ್ನ ಕೆಳಗೆ ಬರೀರಿ, ಜಾಗ ಬಿಟ್ಟಿದ್ದೀನಿ. ನಾಲ್ಕು ವಾರ ಮಾಡಿ ನೋಡೋಣ. ಐದನೇ ಭಾನುವಾರ ಕಾಫಿ ಕುಡೀತಾ ಸರಿಹೋಗದ್ದನ್ನ ಬದಲಾಯಿಸೋಣ."

ಇಷ್ಟೇ. ಮೊದಲ ಕರಡಿನಲ್ಲಿ "ಒಂದು ದಿನವಾದರೂ ನೀವಾಗಿ ಪಾತ್ರೆ ಮುಟ್ಟಿದ್ದೀರಾ" ಎಂಬ ಸಾಲಿತ್ತು. ಅದನ್ನು ಹೊಡೆದು ಹಾಕಿದ ಜಾಗದಲ್ಲೇ ಕಥೆಯ ಸಾಲು ಬಂತು. "ಒಂದು ದಿನವಾದರೂ" ಎಂದರೆ ಓದುವವರು ತಕ್ಷಣ ತಾವು ಪಾತ್ರೆ ತೊಳೆದ ಆ ಒಂದು ದಿನವನ್ನು ಹುಡುಕಿ ತರುತ್ತಾರೆ, ಅಲ್ಲಿಗೆ ಮಾತು ವಾದಕ್ಕೆ ತಿರುಗುತ್ತದೆ. ಕಥೆ ಪೂರ್ತಿ ಕೇಳಬೇಕು ಎಂಬುದಕ್ಕೆ ಎದುರುವಾದ ಹೂಡಲು ಏನೂ ಇಲ್ಲ. ಹೊಗಳಿಕೆಗೂ ಇದೇ ಮಾತು. "ನೀವು ತುಂಬಾ ಒಳ್ಳೆಯವರು" ಎಂದು ಶುರುಮಾಡಿದರೆ ಮುಂದೆ ಏನೋ ಬರುತ್ತದೆ ಎಂದು ಯಾರಿಗಾದರೂ ತಿಳಿಯುತ್ತದೆ. ಗಂಜಿಯ ಜೀರಿಗೆ ನಿಜವಾಗಿ ನಡೆದದ್ದು, ಅದನ್ನು ಯಾರೂ ಅನುಮಾನಿಸಲಾರರು.

ಪತ್ರದಲ್ಲಿ "ಸಹಾಯ" ಎಂಬ ಪದ ಎಲ್ಲೂ ಇಲ್ಲ. ಅದನ್ನು ಬೇಕೆಂದೇ ಬಿಟ್ಟೆ. ಸಹಾಯ ಮಾಡುವವರು ಇದ್ದಾರೆ ಎಂದರೆ ಕೆಲಸದ ಒಡೆಯರು ಬೇರೊಬ್ಬರು ಎಂದಾಯಿತು. ಆ ಒಡೆತನವೇ ಆಯಾಸದ ಮೂಲ. ಭಾನುವಾರದ ಇಡ್ಲಿಯನ್ನೇ ನೋಡಿ. ಒಂದು ಪಾವು ಉದ್ದಿಗೆ ಎರಡು ಪಾವು ಇಡ್ಲಿರವೆ, ಮಿಕ್ಸಿಯಲ್ಲಿ ರುಬ್ಬಿ ಕಲಸಲು ಅರ್ಧ ಗಂಟೆ ಸಾಕು. ಆದರೆ ಡಬ್ಬದಲ್ಲಿ ಉದ್ದಿನಬೇಳೆ ಇದೆಯೇ ಎಂದು ಗುರುವಾರವೇ ನೋಡಬೇಕು, ಶನಿವಾರ ಮಧ್ಯಾಹ್ನ ನೆನಪಿಟ್ಟು ನೆನೆಹಾಕಬೇಕು, ಚಳಿಯಿದ್ದರೆ ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿಡಬೇಕು, ಬೆಳಿಗ್ಗೆ ಉಬ್ಬಿದೆಯೇ ನೋಡಬೇಕು. "ರುಬ್ಬಿಕೊಡ್ತೀನಿ" ಎಂದವರು ಅರ್ಧ ಗಂಟೆಯನ್ನಷ್ಟೇ ಇಳಿಸುತ್ತಾರೆ, ಮೂರು ದಿನದ ನೆನಪು ಮೊದಲಿನ ತಲೆಯಲ್ಲೇ ಉಳಿಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಣದ ಕೆಲಸವನ್ನು ನಾಲ್ಕಾಗಿ ಬಿಡಿಸಿದ್ದಾರೆ: ಏನು ಬೇಕಾಗುತ್ತದೆಂದು ಮುಂಚೆಯೇ ಗ್ರಹಿಸುವುದು, ದಾರಿ ಹುಡುಕುವುದು, ತೀರ್ಮಾನಿಸುವುದು, ಆಯಿತೇ ಎಂದು ನೋಡಿಕೊಳ್ಳುವುದು. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಗಸರ ಪಾಲಿಗೆ ಬೀಳುತ್ತವೆ ಎಂಬುದು ಅವರು ಕಂಡುಕೊಂಡದ್ದು. ಅದಕ್ಕೇ ನಮ್ಮ ಹಾಳೆಯಲ್ಲಿ "ದಿನಸಿ ತರುವುದು" ಎಂದು ಬರೆಯಲಿಲ್ಲ, ಬರೀ "ದಿನಸಿ" ಎಂದು ಬರೆದೆವು. ಡಬ್ಬ ನೋಡುವುದು, ಪಟ್ಟಿ ಮಾಡುವುದು, ತರುವುದು, ತುಂಬಿಡುವುದು ಎಲ್ಲ ಅವರದೇ.

ಹಾಳೆಗೆ ಮೂರೇ ಕಾಲಂ: ಕೆಲಸ, ಯಾರದು, ಎಲ್ಲಿಗೆ ಬಂದರೆ ಮುಗಿದಂತೆ. ಮೂರನೆಯದನ್ನು ದಯವಿಟ್ಟು ಬಿಡಬೇಡಿ. "ರಾತ್ರಿ ಅಡುಗೆಮನೆ" ಎಂಬುದರ ಎದುರಿಗೆ ನಾವು ಬರೆದದ್ದು: ಸಿಂಕ್ ಖಾಲಿ, ಕಟ್ಟೆ ಮತ್ತು ಒಲೆ ಒರೆಸಿರಬೇಕು, ಹಸಿ ಕಸ ಒಣ ಕಸ ಬೇರೆಯಾಗಿರಬೇಕು, ಹಾಲು ಫ್ರಿಜ್ಜಿನಲ್ಲಿ. ಅವರ ಪ್ರಕಾರ ಒಲೆ ಒರೆಸುವುದು ವಾರಕ್ಕೊಮ್ಮೆ ಸಾಕಿತ್ತು, ನನ್ನ ಪ್ರಕಾರ ಕಟ್ಟೆಯ ಮೇಲೆ ಒಂದು ಹನಿ ನೀರೂ ಇರಬಾರದಿತ್ತು. ಒಲೆಯ ವಿಷಯದಲ್ಲಿ ಅವರು ಒಪ್ಪಿದರು, ಹನಿಯ ವಿಷಯದಲ್ಲಿ ನಾನು ಬಿಟ್ಟೆ. ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ದಿನಾ ಅವರ ಹಿಂದೆ ನಾನು ಹೋಗಿ ಇನ್ನೊಮ್ಮೆ ಒರೆಸುತ್ತಿದ್ದೆ. ಇಬ್ಬರ ಕೆಲಸವೂ ದಂಡ, ಮನಸ್ಸಿಗೂ ನೋವು.

ಇನ್ನು ಲೆಕ್ಕ. ನಾನು ಕೇಳಿದ ಮೂರರಲ್ಲಿ ತಿಂಡಿಗೆ ವಾರಕ್ಕೆ ಎರಡು ಗಂಟೆ, ರಾತ್ರಿಯ ಅಡುಗೆಮನೆಗೆ ಮೂರೂವರೆ, ದಿನಸಿ ಗ್ಯಾಸಿಗೆ ಒಂದೂವರೆ, ಒಟ್ಟು ಏಳು ಗಂಟೆ. ಖಾಲಿ ಬಿಟ್ಟ ಜಾಗದಲ್ಲಿ ಅವರು "ಕರೆಂಟ್, ನೀರು, ಫೋನ್ ಬಿಲ್ಲು ನೀನು ಕಟ್ತೀಯಾ? ನನಗೆ ತಾರೀಕು ಮರೆತುಹೋಗುತ್ತೆ" ಎಂದು ಬರೆದರು. ಅದು ಅರ್ಧ ಗಂಟೆ. ಕೊನೆಗೆ ನನ್ನದು ಹದಿನಾರೂವರೆ ಗಂಟೆ, ಅವರದು ಹದಿನೈದೂವರೆ. ನಮ್ಮಿಬ್ಬರ ಆಫೀಸಿನ ಹೊತ್ತು ಒಂದೇ ಆದ್ದರಿಂದ ಇದು ಸರಿ. ಒಬ್ಬರು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಾದರೆ ಆಫೀಸು ಮತ್ತು ಬಸ್ಸಿನ ಗಂಟೆಗಳನ್ನೂ ಕೂಡಿಸಿಯೇ ಹಂಚಬೇಕು. ಗಂಟೆಯಷ್ಟೇ ನೋಡಿದರೂ ಸಾಲದು. ಗಾಡಿ ಸರ್ವಿಸನ್ನು ಮುಂದಿನ ಶನಿವಾರಕ್ಕೆ ಹಾಕಬಹುದು, ಎಂಟೂಕಾಲಿನ ಡಬ್ಬಿಯನ್ನು ಹಾಕಲಾಗುವುದಿಲ್ಲ. ಗಡಿಯಾರಕ್ಕೆ ಕಟ್ಟಿಹಾಕಿದ ಕೆಲಸಗಳೆಲ್ಲ ಒಬ್ಬರ ಪಾಲಿಗೇ ಬಿದ್ದರೆ, ಗಂಟೆ ಸಮವಿದ್ದರೂ ಹಂಚಿಕೆ ಸಮವಲ್ಲ. ನಾನು ಬೆಳಗಿನ ತಿಂಡಿಯನ್ನೇ ಕೇಳಿದ್ದು ಅದಕ್ಕೆ.

ಎರಡನೇ ವಾರ ಒಂದು ಬುಧವಾರ ಬೆಳಿಗ್ಗೆ ಏಳೂವರೆಯಾದರೂ ತಿಂಡಿ ಶುರುವಾಗಿರಲಿಲ್ಲ. ನನ್ನ ಕೈ ತಾನಾಗಿ ಬಾಣಲೆಯ ಕಡೆ ಹೋಯಿತು. ತಡೆದುಕೊಂಡೆ. ಅವರಿಗೆ ನೆನಪಾದಾಗ ಏಳು ಮುಕ್ಕಾಲು. ಗಡಿಬಿಡಿಯಲ್ಲಿ ಅವಲಕ್ಕಿ ಒಗ್ಗರಣೆ ಮಾಡಿದರು, ಪುಟ್ಟಿ ಅದನ್ನೇ ಡಬ್ಬಿಗೂ ಹಾಕಿಕೊಂಡು ಹೋದಳು. ನಾನು ಸದ್ದಿಲ್ಲದೆ ಮಾಡಿಬಿಟ್ಟಿದ್ದರೆ ಬುಧವಾರ ಮತ್ತೆ ನನ್ನದಾಗುತ್ತಿತ್ತು, ಒಳಗೊಳಗೇ ಸಿಟ್ಟೂ ಬೆಳೆಯುತ್ತಿತ್ತು. ಮಾರನೆಯ ದಿನದಿಂದ ಅವರು ಹಿಂದಿನ ರಾತ್ರಿಯೇ ಈರುಳ್ಳಿ ಹೆಚ್ಚಿಡತೊಡಗಿದರು.

ಹಾಳೆ ಸೋಲುತ್ತಿದೆ ಎಂದು ತಿಳಿಯುವುದು ಕೆಲಸ ತಪ್ಪಿದಾಗಲ್ಲ. ಇಬ್ಬರಲ್ಲಿ ಒಬ್ಬರೇ ಅದನ್ನು ನೋಡುತ್ತಿದ್ದು, ಒಬ್ಬರೇ ಇನ್ನೊಬ್ಬರಿಗೆ ನೆನಪಿಸುತ್ತಿದ್ದರೆ ಆಗ. ಹಾಗಾದರೆ ಹಾಳೆಯೇ ಅವರ ತಲೆಗೆ ಬಿದ್ದ ಇನ್ನೊಂದು ಕೆಲಸ. ನಮ್ಮಲ್ಲೂ ಮೂರನೇ ವಾರ ಅದರ ಸೂಚನೆ ಕಂಡಿತು. ಸಿಲಿಂಡರ್ ಬುಕ್ ಮಾಡಿದಿರಾ ಎಂದು ನಾನು ಎರಡು ಸಲ ಕೇಳಿದೆ. ಭಾನುವಾರ ಕಾಫಿಗೆ ಕೂತಾಗ ಅದನ್ನು ಹೇಳಿದೆ. ಎರಡನೇ ಸಿಲಿಂಡರ್ ಹಚ್ಚಿದ ದಿನವೇ ಬುಕ್ ಮಾಡುವುದೆಂದು ಅವರೇ ನಿಯಮ ಮಾಡಿಕೊಂಡು ಹಾಳೆಯಲ್ಲಿ ಸೇರಿಸಿದರು. ಮನೆಗೆಲಸದವರು ರಜ ಹಾಕಿದ ದಿನ ಕಸ ಗುಡಿಸಿ ನೆಲ ಒರೆಸುವುದು ಯಾರು ಎಂಬುದನ್ನು ನಾವು ಬರೆಯುವುದನ್ನೇ ಮರೆತಿದ್ದೆವು. ಅವರು ಊರಿಗೆ ಹೋದ ಐದು ದಿನ ಅದು ನನ್ನ ಮೇಲೇ ಬಿತ್ತು. ಈಗ ಅದಕ್ಕೂ ಒಂದು ಸಾಲಿದೆ.

ನೀವೂ ಬರೆಯುವುದಾದರೆ ಜಗಳವಾದ ಮಾರನೆಯ ದಿನ ಬರೆಯಬೇಡಿ, ವಾಟ್ಸಾಪಿನಲ್ಲಿ ಕಳಿಸಬೇಡಿ. ಕೇಳುವುದು ಮೂರು ಕೆಲಸಕ್ಕಿಂತ ಹೆಚ್ಚಿರದಿರಲಿ. ಕೆಳಗೆ ಜಾಗ ಬಿಡಿ. ನಮ್ಮ ಫ್ರಿಜ್ಜಿನ ಮೇಲಿರುವುದು ಈಗ ನಾಲ್ಕನೇ ಹಾಳೆ. ಅದರ ಅರ್ಧಕ್ಕಿಂತ ಹೆಚ್ಚು ಅವರ ಕೈಬರಹದಲ್ಲಿದೆ.