ಮುಚ್ಚಿದ ಮೇಲ್ಮೈ ಹೇಳುವ ಲೆಕ್ಕ

ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್ 1773ರ ಸುಮಾರಿಗೆ ಒಂದು ಪ್ರಯೋಗ ಮಾಡಿದ. ಸುಮಾರು ಒಂದಡಿ ಅಡ್ಡಳತೆಯ ಗೋಳವೊಂದನ್ನು ನಿಲ್ಲಿಸಿ, ಅದಕ್ಕೆ ತಾಗದಂತೆ ಎರಡು ಟೊಳ್ಳು ಅರ್ಧಗೋಳಗಳನ್ನು ಸುತ್ತ ಮುಚ್ಚಿದ. ಹೊರಗಿನ ಚಿಪ್ಪಿಗೂ ಒಳಗಿನ ಗೋಳಕ್ಕೂ ಒಂದು ತಂತಿಯ ಸಂಪರ್ಕವಿತ್ತು. ಹೊರಚಿಪ್ಪಿಗೆ ವಿದ್ಯುದಾವೇಶ ಕೊಟ್ಟು, ರೇಷ್ಮೆ ದಾರದಿಂದ ಆ ತಂತಿಯನ್ನು ಎಳೆದು ತೆಗೆದು, ಅರ್ಧಗೋಳಗಳನ್ನು ಬಿಡಿಸಿ, ಒಳಗಿನ ಗೋಳದ ಬಳಿಗೆ ಬೆಂಡಿನ ಗುಂಡುಗಳನ್ನು ತಂದು ನೋಡಿದ. ಗುಂಡುಗಳು ಅಲುಗಲಿಲ್ಲ. ತಂತಿಯ ದಾರಿ ತೆರೆದೇ ಇದ್ದರೂ ಒಳಗೋಳಕ್ಕೆ ಆವೇಶ ಹೋಗಿರಲಿಲ್ಲ.

ಹೋಗಬೇಕಿದ್ದರೆ ಚಿಪ್ಪಿನೊಳಗೆ ಅದನ್ನು ತಳ್ಳುವ ವಿದ್ಯುತ್ ಕ್ಷೇತ್ರ ಇರಬೇಕಿತ್ತು. ಆ ಕ್ಷೇತ್ರ ಸೊನ್ನೆಯಾಗುವುದು ಎರಡು ಆವೇಶಗಳ ನಡುವಿನ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಇಳಿದಾಗ ಮಾತ್ರ. ಆ ಘಾತಾಂಕ 2ರಿಂದ ಐವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಸರಿದಿರಲಾರದು ಎಂದು ಕ್ಯಾವೆಂಡಿಶ್ ಲೆಕ್ಕ ಹಾಕಿದ. ಕೂಲಂಬ್ ತನ್ನ ತಿರುಚು ತಕ್ಕಡಿಯಿಂದ ಅದೇ ನಿಯಮವನ್ನು ಅಳೆದು ಪ್ರಕಟಿಸಿದ್ದು 1785ರಲ್ಲಿ. 1971ರಲ್ಲಿ ವಿಲಿಯಮ್ಸ್, ಫಾಲರ್ ಮತ್ತು ಹಿಲ್ ಇದೇ ಬಗೆಯ ಪ್ರಯೋಗವನ್ನು ಆಧುನಿಕ ಉಪಕರಣಗಳಿಂದ ಮಾಡಿದಾಗ, ವ್ಯತ್ಯಾಸ ಇದ್ದರೂ ಅದು ಹದಿನಾರನೆಯ ದಶಮಾಂಶ ಸ್ಥಾನದ ಆಸುಪಾಸಿನಲ್ಲಿರಬೇಕು ಎಂದು ಕಂಡುಬಂತು.

ಈ ವಿಲೋಮ ವರ್ಗ ನಿಯಮವನ್ನು ಬೇರೊಂದು ರೂಪದಲ್ಲಿ ಬರೆಯಬಹುದು. ಯಾವುದಾದರೂ ಮುಚ್ಚಿದ ಮೇಲ್ಮೈಯನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ. ಅದರ ಒಂದೊಂದು ಚೂರಿನಲ್ಲೂ ಲಂಬವಾಗಿ ಹೊರಗೆ ಹೋಗುವ ಕ್ಷೇತ್ರವನ್ನು ಆ ಚೂರಿನ ವಿಸ್ತೀರ್ಣದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಬರುವ ಮೊತ್ತಕ್ಕೆ ಅಭಿವಾಹ ಎಂದು ಹೆಸರು. ಅದು ಯಾವಾಗಲೂ ಒಳಗಿರುವ ಒಟ್ಟು ಆವೇಶವನ್ನು ε₀ ಎಂಬ ಸ್ಥಿರಾಂಕದಿಂದ ಭಾಗಿಸಿದಷ್ಟೇ ಇರುತ್ತದೆ. ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಗಾಸ್ ಇದನ್ನು 1835ರಲ್ಲಿ ಬರೆದಿಟ್ಟ; ಅದು ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1867ರಲ್ಲಿ.

ನಿಯಮ ಕೊಡುವುದು ಮೊತ್ತವನ್ನು ಮಾತ್ರ. ನಮಗೆ ಬೇಕಾದದ್ದು ಒಂದು ಬಿಂದುವಿನಲ್ಲಿರುವ ಕ್ಷೇತ್ರ. ಒಂದು ಮನೆಯ ತಿಂಗಳ ಒಟ್ಟು ಖರ್ಚು ತಿಳಿದ ಮಾತ್ರಕ್ಕೆ ಹದಿನೇಳನೇ ತಾರೀಖಿನ ಖರ್ಚು ತಿಳಿಯುವುದಿಲ್ಲ. ದಿನದಿನವೂ ಒಂದೇ ಖರ್ಚು ಎಂಬ ಖಾತ್ರಿ ಇದ್ದರೆ ಭಾಗಿಸಿದರೆ ಸಾಕು. ಆ ಖಾತ್ರಿಯನ್ನು ಕೊಡುವುದು ಸಮಮಿತಿ.

ಉದ್ದವಾದ ನೇರ ತಂತಿಯೊಂದನ್ನು ತೆಗೆದುಕೊಳ್ಳೋಣ. ಅದರ ಉದ್ದಕ್ಕೂ ಆವೇಶ ಸಮನಾಗಿ ಹರಡಿದೆ, ತುದಿಗಳು ಕಣ್ಣಿಗೆ ಕಾಣದಷ್ಟು ದೂರದಲ್ಲಿವೆ. ಪಕ್ಕದ ಒಂದು ಬಿಂದುವಿನಲ್ಲಿ ಕ್ಷೇತ್ರ ಯಾವ ದಿಕ್ಕಿಗಿದೆ? ಅದು ತುಸು ಬಲಕ್ಕೆ ವಾಲಿದೆ ಎಂದು ವಾದಕ್ಕೆ ಒಪ್ಪೋಣ. ಈಗ ತಂತಿಯ ಬಲತುದಿ ಎಡಕ್ಕೆ ಬರುವಂತೆ ಅದನ್ನು ತಿರುಗಿಸಿ ಇಡಿ. ತಂತಿ ಮೊದಲಿನ ಹಾಗೆಯೇ ಇದೆ, ಆದರೆ ವಾಲಿಕೆ ಮಾತ್ರ ಎಡಕ್ಕೆ ಬರಬೇಕು. ಒಂದೇ ತಂತಿ ಒಂದೇ ಬಿಂದುವಿನಲ್ಲಿ ಎರಡು ಬೇರೆ ಕ್ಷೇತ್ರ ಕೊಡಲಾರದು. ಹಾಗಾಗಿ ವಾಲಿಕೆಯೇ ಇಲ್ಲ. ಇದೇ ರೀತಿ, ತಂತಿಯನ್ನು ಅದರ ಅಕ್ಷದ ಸುತ್ತ ತಿರುಗಿಸಿದರೂ, ಉದ್ದಕ್ಕೆ ಜರುಗಿಸಿದರೂ ಏನೂ ಬದಲಾಗದು. ಅಂದರೆ ಕ್ಷೇತ್ರ ನೇರವಾಗಿ ಹೊರಮುಖ, ಅದರ ಪ್ರಮಾಣ ತಂತಿಯಿಂದ ಇರುವ ದೂರವನ್ನಷ್ಟೇ ಅವಲಂಬಿಸುತ್ತದೆ. ಇಷ್ಟು ಹೊತ್ತಿಗೆ ನಿಜವಾದ ಕೆಲಸ ಮುಗಿದಿದೆ.

ಉಳಿದದ್ದು ಸರಿಯಾದ ಮೇಲ್ಮೈಯ ಆಯ್ಕೆ. ತಂತಿಯೇ ಅಕ್ಷವಾಗಿರುವ, r ತ್ರಿಜ್ಯದ, l ಉದ್ದದ ಉರುಳೆಯನ್ನು ಕಲ್ಪಿಸಿಕೊಳ್ಳಿ. ಎರಡು ಮುಚ್ಚಳಗಳ ಮೂಲಕ ಏನೂ ಹೊರಹೋಗದು, ಏಕೆಂದರೆ ಕ್ಷೇತ್ರ ಅವುಗಳ ಮೇಲೆ ಸವರಿಕೊಂಡು ಹೋಗುತ್ತದೆ. ಬಾಗಿದ ಮೈಯ ವಿಸ್ತೀರ್ಣ 2πrl. ಅಲ್ಲೆಲ್ಲ ಕ್ಷೇತ್ರ ಒಂದೇ, ಎಲ್ಲೆಡೆ ಲಂಬ. ಪ್ರತಿ ಮೀಟರಿಗೆ ಇರುವ ಆವೇಶ λ ಆದರೆ E × 2πrl = λl/ε₀. ಎರಡೂ ಕಡೆಯ l ಹೊಡೆದುಹೋಗಿ, E = λ/(2πε₀r) ಉಳಿಯುತ್ತದೆ. ಗೋಳದ ಹೊರಗೆ ಕ್ಷೇತ್ರ ದೂರದ ವರ್ಗದಂತೆ ಇಳಿದರೆ, ತಂತಿಯ ಬಳಿ ದೂರದಂತೆ ಮಾತ್ರ ಇಳಿಯುತ್ತದೆ.

ನಿಜವಾದ ತಂತಿಗೆ ತುದಿಗಳಿರುತ್ತವೆಯಲ್ಲ? ಒಂದು ಮೀಟರ್ ಉದ್ದದ ತೆಳು ಪ್ಲಾಸ್ಟಿಕ್ ಕಡ್ಡಿಯ ಮೇಲೆ 5 ನ್ಯಾನೋಕೂಲಂಬ್ ಆವೇಶ ಸಮನಾಗಿ ಹರಡಿದೆ ಎಂದಿಟ್ಟುಕೊಳ್ಳಿ. ನಡುಭಾಗದಿಂದ 5 ಸೆಂ.ಮೀ. ದೂರದಲ್ಲಿ ಸೂತ್ರ ಮೀಟರಿಗೆ 1800 ವೋಲ್ಟ್ ಎನ್ನುತ್ತದೆ. ಕೂಲಂಬ್ ನಿಯಮದಿಂದ ಚೂರುಚೂರಾಗಿ ಕೂಡಿಸಿದ ನಿಖರ ಉತ್ತರ ಸುಮಾರು 1791. ಅರೆ ಮೀಟರ್ ದೂರದಲ್ಲಿ ಸೂತ್ರದ ಉತ್ತರ 180, ನಿಜ ಸುಮಾರು 127. ಹತ್ತು ಮೀಟರ್ ಆಚೆ ಸೂತ್ರ 9 ಎಂದರೆ ನಿಜ 0.45, ಅಂದರೆ ಇಪ್ಪತ್ತು ಪಟ್ಟು ತಪ್ಪು. ಅಷ್ಟು ದೂರದಿಂದ ಕಡ್ಡಿ ಒಂದು ಚುಕ್ಕಿಯ ಹಾಗೆ ವರ್ತಿಸುತ್ತದೆ. ಇನ್ನು ಕಡ್ಡಿಯ ತುದಿಯ ಪಕ್ಕದಲ್ಲೇ ನಿಂತರೆ, 5 ಸೆಂ.ಮೀ. ದೂರದಲ್ಲೂ ಕ್ಷೇತ್ರ ಸುಮಾರು 45 ಡಿಗ್ರಿ ವಾಲಿರುತ್ತದೆ. ಗಾಸ್ ನಿಯಮ ಅಲ್ಲೂ ಅಕ್ಷರಶಃ ಸತ್ಯ, ಕೈಕೊಟ್ಟದ್ದು ಸಮಮಿತಿ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಮೇಲ್ಮೈಯೊಳಗಿನ ಒಟ್ಟು ಆವೇಶ ಸೊನ್ನೆಯಾದರೆ ಕ್ಷೇತ್ರವೂ ಸೊನ್ನೆ ಎಂದು ಬರೆದುಬಿಡುತ್ತಾರೆ. ಟಿವಿಗೆ ಬರುವ ಕೇಬಲ್ಲಿನಲ್ಲಿ ಅದು ಸರಿ: ನಡುವಿನ ತಾಮ್ರದ ತಂತಿಯ ಆವೇಶಕ್ಕೆ ಸಮನಾದ ವಿರುದ್ಧ ಆವೇಶ ಸುತ್ತಲಿನ ಜಾಲರಿಯಲ್ಲಿರುತ್ತದೆ, ಎರಡಕ್ಕೂ ಅಕ್ಷ ಒಂದೇ, ಆದ್ದರಿಂದ ಹೊರಗೆ ಕ್ಷೇತ್ರವಿಲ್ಲ. ಆದರೆ ಒಂದು ಡಬ್ಬಿಯೊಳಗೆ ಒಂದು ಧನ, ಒಂದು ಋಣ ಆವೇಶವನ್ನು ಅಕ್ಕಪಕ್ಕ ಇಟ್ಟರೆ ಅಭಿವಾಹ ಸೊನ್ನೆ, ಕ್ಷೇತ್ರ ಮಾತ್ರ ಡಬ್ಬಿಯ ಮೈಯಲ್ಲೆಲ್ಲ ಇದ್ದೇ ಇರುತ್ತದೆ. ಒಂದು ಭಾಗದಲ್ಲಿ ಹೊರಹೋದಷ್ಟೇ ಇನ್ನೊಂದು ಭಾಗದಲ್ಲಿ ಒಳಬರುತ್ತದೆ, ಅಷ್ಟೇ. ಉತ್ತರ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಆರಿಸಿಕೊಂಡ ಮೇಲ್ಮೈಯ ಪ್ರತಿ ಭಾಗದಲ್ಲೂ ಕ್ಷೇತ್ರ ಒಂದೇ ಪ್ರಮಾಣದಲ್ಲಿ ಲಂಬವಾಗಿದೆಯೇ, ಇಲ್ಲವೇ ಮೇಲ್ಮೈಗುಂಟ ಸವರಿ ಹೋಗುತ್ತಿದೆಯೇ? ಎರಡೂ ಅಲ್ಲವಾದರೆ E ಯನ್ನು ಮೊತ್ತದಿಂದ ಹೊರಗೆ ಎಳೆಯಲಾಗದು.

ಹಾಳೆಯ ವಿಷಯಕ್ಕೆ ಬಂದರೆ ಫಲಿತಾಂಶ ಇನ್ನೂ ಅಚ್ಚರಿಯದು. ಆವೇಶ ಹರಡಿದ ಅಗಲವಾದ ಹಾಳೆಯನ್ನು ಸೀಳಿಕೊಂಡು ನಿಂತ ಒಂದು ಗಿಡ್ಡ ಡಬ್ಬಿಯನ್ನು ಊಹಿಸಿ. ಸುತ್ತಲ ಗೋಡೆಯಿಂದ ಏನೂ ಹೋಗದು, ಎರಡು ಮುಖಗಳಿಂದ ಸಮನಾಗಿ ಹೋಗುತ್ತದೆ: 2EA = σA/ε₀. ಇಲ್ಲಿ σ ಎಂದರೆ ಪ್ರತಿ ಚದರ ಮೀಟರಿನ ಆವೇಶ. E = σ/2ε₀ ಎಂಬ ಉತ್ತರದಲ್ಲಿ ದೂರವೇ ಇಲ್ಲ. ದೂರ ಹೋದಂತೆ ಒಂದೊಂದು ಚೂರಿನ ಪ್ರಭಾವ ಕುಗ್ಗುತ್ತದೆ ನಿಜ, ಆದರೆ ಹಾಳೆಯ ಇನ್ನಷ್ಟು ಅಗಲದ ಭಾಗ ನೇರವಾಗಿ ಹೊರಕ್ಕೆ ತಳ್ಳತೊಡಗುತ್ತದೆ, ಎರಡೂ ಸರಿಹೊಂದುತ್ತವೆ. ಒಂದು ಮೀಟರ್ ತ್ರಿಜ್ಯದ ತಟ್ಟೆಯ ನಡುವಿನಿಂದ 5 ಸೆಂ.ಮೀ. ದೂರದಲ್ಲಿ ಈ ಸೂತ್ರದ ಶೇ. 95ರಷ್ಟು ಕ್ಷೇತ್ರ ಸಿಗುತ್ತದೆ, ಒಂದು ಮೀಟರ್ ದೂರದಲ್ಲಿ ಶೇ. 29 ಮಾತ್ರ.

ಅಂಚಿನ ಈ ತೊಂದರೆಗೆ ಹತ್ತೊಂಬತ್ತನೇ ಶತಮಾನದಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ಒಳ್ಳೆಯ ಉಪಾಯ ಹುಡುಕಿದ. ಎರಡು ಸಮಾನಾಂತರ ಲೋಹದ ತಟ್ಟೆಗಳ ನಡುವಿನ ಸೆಳೆತವನ್ನು ತೂಗಿ ವೋಲ್ಟೇಜ್ ಅಳೆಯುವ ಉಪಕರಣ ಅದು. ಮೇಲಿನ ತಟ್ಟೆಯ ನಡುವಿನಿಂದ ಒಂದು ಬಿಲ್ಲೆಯನ್ನು ಬೇರ್ಪಡಿಸಿ, ಅದರ ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು ಅಗಲವಾದ ಉಂಗುರವೊಂದನ್ನು ಇಟ್ಟ. ಬಿಲ್ಲೆ, ಉಂಗುರ ಎರಡೂ ಒಂದೇ ವೋಲ್ಟೇಜಿನಲ್ಲಿರುತ್ತವೆ. ಕ್ಷೇತ್ರ ಬಾಗಿ ಕೆಡುವುದೇನಿದ್ದರೂ ಉಂಗುರದ ಹೊರ ಅಂಚಿನಲ್ಲಿ. ತಕ್ಕಡಿಗೆ ತಗಲಿಸಿದ್ದು ಮಾತ್ರ ಬಿಲ್ಲೆಯನ್ನು. ಹೀಗೆ ಅಂತ್ಯವಿಲ್ಲದ ಹಾಳೆಗೆಂದು ಬರೆದ ಸೂತ್ರವನ್ನು ಅಂಗೈಯಗಲದ ಲೋಹಕ್ಕೂ ಬಳಸಲು ಸಾಧ್ಯವಾಯಿತು. ನಿಖರ ಧಾರಕಗಳನ್ನು ಮಾಡುವವರು ಈ ಕಾವಲು ಉಂಗುರವನ್ನು ಇಂದಿಗೂ ಹಾಕುತ್ತಾರೆ.