ಖಾಲಿ ಕ್ರೇಟಿನ ಲೆಕ್ಕ



ನಮ್ಮ ಕಡೆ ಮೊದಲು ಟೊಮ್ಯಾಟೊ ಮಾರುಕಟ್ಟೆಗೆ ಹೋಗುತ್ತಿದ್ದುದು ಬಿದಿರಿನ ಬುಟ್ಟಿಯಲ್ಲಿ. ಬುಟ್ಟಿ ಹೋದರೆ ಹೋಯಿತು, ಅದರ ಬೆಲೆಯೂ ಅಷ್ಟಕ್ಕಷ್ಟೇ. ಈಗ ಪ್ಲಾಸ್ಟಿಕ್ ಕ್ರೇಟು ಬಂದಿದೆ. ಕಾಯಿ ನಜ್ಜುಗುಜ್ಜಾಗುವುದಿಲ್ಲ, ಒಂದರ ಮೇಲೊಂದು ಪೇರಿಸಬಹುದು. ಆದರೆ ಅದು ಹೋದ ಹಾಗೆಯೇ ತಿರುಗಿ ಮನೆಗೆ ಬರಬೇಕು. ಅಲ್ಲೇ ಐತಿ ನೋಡ್ರಿ ತೊಂದರೆ.

ಉಣಕಲ್ಲಿನ ಒಬ್ಬ ಯಜಮಾನರು ಕಾಯಿಪಲ್ಲೆ ಬೆಳೆದು ಅಮರಗೋಳದ ಮಾರುಕಟ್ಟೆಗೆ ಕಳಿಸುತ್ತಾರೆ. ಅವರು ಕೊಂಡ ಕ್ರೇಟು 300. "ಸಾಹೇಬ್ರ, ರೊಕ್ಕದ ಲೆಕ್ಕ ಕೇಳ್ರಿ, ಹೇಳ್ತೇನಿ. ಕ್ರೇಟಿನ ಲೆಕ್ಕ ಮಾತ್ರ ಕೇಳಬ್ಯಾಡ್ರಿ" ಅಂದರು. ಅವರ ಪುಸ್ತಕ ನೋಡಿದೆ. ಕ್ರೇಟನ್ನೂ ರೊಕ್ಕದ ಸಾಲಿನಲ್ಲೇ ಬರೆದಿದ್ದರು. ದಲಾಲರು ಪಟ್ಟಿ ಚುಕ್ತಾ ಮಾಡಿದ ದಿನ ಆ ಸಾಲಿನ ಮೇಲೆ ಗೀಟು ಬೀಳುತ್ತಿತ್ತು. ಜೊತೆಗೆ ಕ್ರೇಟೂ ಮರೆತುಹೋಗುತ್ತಿತ್ತು.

ಆದ್ದರಿಂದ ಮೊದಲು ಮಾಡಿದ್ದು ಬೇರೆ ವಹಿ. ಗಿರಾಕಿಗೊಂದು ಪುಟ. ಅದರಲ್ಲಿ ತಾರೀಖು, ತುಂಬಿ ಕಳಿಸಿದ್ದು, ಖಾಲಿ ಬಂದದ್ದು, ಅವರ ಹತ್ತಿರ ಉಳಿದದ್ದು. ಹಿಂದಿನ ಬಾಕಿಗೆ ಕಳಿಸಿದ್ದನ್ನು ಕೂಡಿಸಿ, ಬಂದದ್ದನ್ನು ಕಳೆದರೆ ಇಂದಿನ ಬಾಕಿ. ಇದೇ ಬಾಕಿಯನ್ನು ಮಾಲಿನ ಚೀಟಿಯ ಮೇಲೂ ಬರೆದು, ಇಳಿಸಿಕೊಂಡವರ ಸಹಿ ಪಡೆಯಬೇಕು. ಆಗ ಜಗಳ ಬಂದರೂ ಅದು ಆ ದಿನದ ಜಗಳ, ಆರು ತಿಂಗಳ ಹಿಂದಿನದಲ್ಲ.

ಒಂದು ಸೋಮವಾರ ಎಲ್ಲವನ್ನೂ ಎಣಿಸಿದೆವು. ಕೊಟ್ಟಿಗೆಯಲ್ಲಿ ಖಾಲಿ 92, ಹೊಲದಲ್ಲಿ ತುಂಬಿದ್ದು 28, ಕೂಡಿ 120. ವಹಿಯ ಪ್ರಕಾರ ದಲಾಲರ ಅಂಗಡಿಯಲ್ಲಿ 95, ಧಾರವಾಡದ ಒಂದು ಖಾನಾವಳಿಯಲ್ಲಿ 20, ಒಂದು ಕಾಯಿಪಲ್ಲೆ ಅಂಗಡಿಯಲ್ಲಿ 40, ಕೂಡಿ 155. ಒಟ್ಟು 275. ಹಾಗಾದರೆ 25 ಎಲ್ಲಿ? ಕೊಟ್ಟಿಗೆಯ ಹಿಂದೆ ಒಡೆದವು 9 ಸಿಕ್ಕವು. ಅವನ್ನು ವಹಿಯಿಂದ ಯಾರೂ ಕಳೆದಿರಲಿಲ್ಲ. ಉಳಿದ 16, ಮಳೆ ಬಂದ ಒಂದು ಸಂಜೆ ಬೇರೆಯವರ ಟಂಟಂನಲ್ಲಿ ಚೀಟಿ ಇಲ್ಲದೆ ದಲಾಲರಿಗೆ ಹೋಗಿದ್ದವು. ದಲಾಲರೂ ಒಪ್ಪಿಕೊಂಡರು. ಅಂದಮೇಲೆ ಅವರ ಹತ್ತಿರ 111.

ಈಗ ಮುಖ್ಯ ಪ್ರಶ್ನೆ. 111 ಹೆಚ್ಚೋ, ಸರಿಯೋ? ಬರೀ ಅಂಕಿ ನೋಡಿದರೆ ತಿಳಿಯದು. ಆ ಅಂಗಡಿಗೆ ದಿನಕ್ಕೆ 20 ಕ್ರೇಟು ಹೋಗುತ್ತವೆ. ಮಾಲು ಮಾರಿ ಖಾಲಿಯಾಗಿ ತಿರುಗಿ ಬರಲು ಮೂರು ದಿನ ಬೇಕು. ಹಾಗಾದರೆ ಅವರ ಹತ್ತಿರ ಸುಮಾರು 60 ಇರುವುದು ನ್ಯಾಯ. ಅದರ ಮೇಲಿನ 51 ಎಲ್ಲೋ ಕುಳಿತಿವೆ ಇಲ್ಲವೆ ಕಳೆದುಹೋಗಿವೆ. ಅದೇ ಕಾಯಿಪಲ್ಲೆ ಅಂಗಡಿಗೆ ದಿನಕ್ಕೆ ಹೋಗುವುದು 5 ಮಾತ್ರ. ಅಲ್ಲಿ 15 ಸಾಕು, ಇದ್ದದ್ದು 40. ಅಂಕಿ ಸಣ್ಣದು, ರೋಗ ದೊಡ್ಡದು. ಹೋಗಿ ನೋಡಿದರೆ ಅವರು ಉಳ್ಳಾಗಡ್ಡಿ ತುಂಬಿ ಅಟ್ಟಕ್ಕೇರಿಸಿದ್ದರು!

ದಲಾಲರ ಕಥೆ ಬೇರೆ. ಅವರು ಮಾಲನ್ನು ಕ್ರೇಟು ಸಮೇತ ಚಿಲ್ಲರೆಯವರಿಗೆ ಕೊಡುತ್ತಾರೆ. "ನನ್ನ ಹತ್ರ ಇಲ್ರಿ, ಅವರ ಹತ್ರ ಅದಾವ" ಎನ್ನುವುದು ಸುಳ್ಳಲ್ಲ. ಆದರೆ ಸಹಿ ಯಾರದೋ ಹೊಣೆ ಅವರದೇ. 51ನ್ನೂ ಇವತ್ತೇ ಕೊಡಿ ಅಂದರೆ ಅವರಿಂದಾಗದು. ಮಾಲು ಕಳಿಸುವುದನ್ನು ನಿಲ್ಲಿಸಿದರೆ ಹಣ್ಣಾದ ಟೊಮ್ಯಾಟೊ ಕೊಳೆಯುವುದು ನಮ್ಮ ಹೊಲದಲ್ಲೇ. ಅದಕ್ಕೆ 20 ತುಂಬಿದ್ದು ಇಳಿಸಿ 30 ಖಾಲಿ ಏರಿಸಿಕೊಂಡು ಬರುವಂತೆ ಮಾತಾಯಿತು. ದಿನಕ್ಕೆ ಹತ್ತರಂತೆ ಐದು ಖೇಪಿನಲ್ಲಿ ಬಾಕಿ 61ಕ್ಕೆ ಇಳಿಯಿತು.

ಅಡುಗೆ ಅನಿಲದ ಸಿಲಿಂಡರಿನಲ್ಲಿ ಈ ತಾಪತ್ರಯ ಕಡಿಮೆ. ಖಾಲಿ ಕೊಟ್ಟರೆ ತುಂಬಿದ್ದು, ಒಂದಕ್ಕೊಂದು. ಮನೆಯ ಬಾಕಿ ಬದಲಾಗುವುದೇ ಇಲ್ಲ. ಗಾಡಿ 30 ತುಂಬಿದ್ದು ಒಯ್ದರೆ, ಸಂಜೆ ತುಂಬಿದ್ದು-ಖಾಲಿ ಕೂಡಿ 30 ಬರಬೇಕು. ಕಾಯಿಪಲ್ಲೆಯಲ್ಲಿ ಇವತ್ತು 20, ನಾಳೆ 35, ಆದ್ದರಿಂದ ಒಂದಕ್ಕೊಂದು ನಡೆಯದು. ಸಿಲಿಂಡರಿಗೆ ಠೇವಣಿಯೂ ಉಂಟು. ಕ್ರೇಟಿಗೂ ಇಡಬಹುದು, ಆದರೆ ಹೊಸ ಕ್ರೇಟಿಗೆ 300 ರೂಪಾಯಿ ಆಗುವಾಗ 100 ರೂಪಾಯಿ ಠೇವಣಿ ಇಟ್ಟರೆ, ಇಟ್ಟುಕೊಂಡವರಿಗೇ ಲಾಭವಾಗುತ್ತದೆ. ಆ ಹಣವನ್ನು ಗೊಬ್ಬರಕ್ಕೆ ಖರ್ಚು ಮಾಡಬೇಡಿರಿ. ಅದು ತಿರುಗಿ ಕೊಡಬೇಕಾದದ್ದು.

ಇನ್ನೊಂದು ಮಾತು. ಎಣಿಕೆ ಸರಿ ಬಂದರೂ ಮಾಲು ನಮ್ಮದಲ್ಲದಿರಬಹುದು. ಹೊಸ ಕ್ರೇಟು ಹೋಗಿ, ಬೇರೆಯವರ ಬಿರುಕು ಬಿಟ್ಟ ಕ್ರೇಟು ಬರುತ್ತದೆ. ಕಾಯಿಸಿದ ಕಬ್ಬಿಣದಿಂದ ಹೆಸರಿನ ಮೊದಲ ಅಕ್ಷರವನ್ನು ಎರಡು ಬದಿಗೂ ಒತ್ತಿರಿ. ಬಣ್ಣ ತೊಳೆದರೆ ಹೋಗುತ್ತದೆ, ಇದು ಹೋಗದು. ಗುರುತಿಲ್ಲದ್ದನ್ನು ಗಾಡಿಗೆ ಏರಿಸುವ ಮೊದಲೇ ಕೆಳಗಿಡಬೇಕು, ಚೀಟಿಗೆ ಸಹಿಯಾದ ಮೇಲಲ್ಲ.

ಬಾಕಿಯ ಮಿತಿಯನ್ನು ಹಂಗಾಮಿನ ಮೊದಲ ಖೇಪಿನಲ್ಲೇ ಮಾತಾಡಿರಿ. ದರ ಏರಿ ಮಾಲಿಗೆ ಅವರೇ ದುಂಬಾಲು ಬೀಳುವಾಗ ಖಾಲಿ ಬೇಗ ಬರುತ್ತವೆ. ಕೊನೆಯ ಕೊಯ್ಲಿಗೆ ಎರಡು ವಾರ ಇರುವಾಗಲೇ ಹೆಚ್ಚುವರಿ ಎತ್ತಿಕೊಳ್ಳಲು ತೊಡಗಿರಿ. ಕೊಯ್ಲು ಮುಗಿದ ಮೇಲೆ ನಮ್ಮ ಗಾಡಿ ಆ ಕಡೆ ಹೋಗುವುದಿಲ್ಲ, ಅವರ ಗಾಡಿ ಈ ಕಡೆ ಬರುವುದಿಲ್ಲ.